ಎರಡು ನಾಮಪತ್ರಗಳಲ್ಲಿ ಒಂದನ್ನು ಮಾತ್ರ ಹಿಂಪಡೆಯುವುದು: ಮುಂಬಯಿಯ ಕ್ರೆಡಿಟ್ ಸೊಸೈಟಿಯೊಂದರ ಚುನಾವಣಾ ಪ್ರಕರಣ

ಮುಂಬಯಿಯ ಪೂರ್ವ ಉಪನಗರದಲ್ಲಿ, ಭಾಂಡೂಪ್ ಮತ್ತು ಮುಲುಂಡ್‌ಗಳ ಕಡೆ, ಹೋಟೆಲು ಕೆಲಸಗಾರರು, ಸಣ್ಣ ವ್ಯಾಪಾರಿಗಳು ಮತ್ತು ಕಚೇರಿ ನೌಕರರು ಸೇರಿ ನಡೆಸಿಕೊಂಡು ಬಂದ ಒಂದು ಕ್ರೆಡಿಟ್ ಸೊಸೈಟಿಯ ಆಡಳಿತ ಮಂಡಳಿಗೆ ಚುನಾವಣೆ ಬಂದಾಗ ನಡೆದ ಸಂಗತಿ ಇದು. ಸದಸ್ಯರಲ್ಲಿ ಹೆಚ್ಚಿನವರು ಉಡುಪಿ, ಕುಂದಾಪುರದ ಕಡೆಯವರು; ವಿಜಯಪುರ, ಕಲಬುರಗಿಯ ಕಡೆಯವರೂ ಸಾಕಷ್ಟು ಜನ ಇದ್ದಾರೆ. ಸಂಸ್ಥೆಯ ಹೆಸರನ್ನೂ ವ್ಯಕ್ತಿಗಳ ಹೆಸರನ್ನೂ ಇಲ್ಲಿ ಕೊಟ್ಟಿಲ್ಲ. ಪ್ರಕರಣದ ಕೇಂದ್ರದಲ್ಲಿ ಇರುವವರು ಸೊಸೈಟಿಯ ಹಳೆಯ ಸದಸ್ಯೆ, ವಿಮಾ ಕಚೇರಿಯಿಂದ ನಿವೃತ್ತರಾದ ಒಬ್ಬ ಮಹಿಳೆ. ಅವರು ಎರಡು ನಾಮಪತ್ರಗಳನ್ನು ಸಲ್ಲಿಸಿದ್ದರು; ಒಂದನ್ನು ಉಳಿಸಿಕೊಂಡು ಇನ್ನೊಂದನ್ನು ಹಿಂಪಡೆಯಬೇಕಾಗಿತ್ತು. ಅದಕ್ಕಾಗಿ ಬರೆದ ಪತ್ರದ ಕರಡನ್ನು ನೋಡಿಕೊಡಬೇಕೆಂದು ನನ್ನಲ್ಲಿಗೆ ತಂದರು.

ಮಂಡಳಿಯಲ್ಲಿ ಒಟ್ಟು 13 ಸ್ಥಾನಗಳು. ಮಹಾರಾಷ್ಟ್ರ ಸಹಕಾರಿ ಸಂಸ್ಥೆಗಳ ಕಾಯ್ದೆ, 1960ರ 73-ಬಿ ಕಲಮಿನಂತೆ ಪರಿಶಿಷ್ಟ ಜಾತಿ ಅಥವಾ ಪಂಗಡಕ್ಕೆ ಒಂದು, ಇತರ ಹಿಂದುಳಿದ ವರ್ಗಕ್ಕೆ ಒಂದು, ವಿಮುಕ್ತ ಹಾಗೂ ಅಲೆಮಾರಿ ಜಾತಿಗಳು ಮತ್ತು ವಿಶೇಷ ಹಿಂದುಳಿದ ವರ್ಗಗಳಿಗೆ ಸೇರಿ ಒಂದು ಸ್ಥಾನ ಮೀಸಲಾಗಿದ್ದವು. 73-ಸಿ ಕಲಮಿನಂತೆ ಮಹಿಳೆಯರಿಗೆ ಎರಡು. ಉಳಿದ ಎಂಟು ಸಾಮಾನ್ಯ ಸ್ಥಾನಗಳು. ಮಹಿಳೆಯರು ಸಾಮಾನ್ಯ ಸ್ಥಾನಕ್ಕೂ ನಿಲ್ಲಬಹುದಾದ್ದರಿಂದ ನಮ್ಮ ಅಭ್ಯರ್ಥಿಯು ಒಂದೇ ದಿನ ಎರಡೂ ವಿಭಾಗಗಳಿಗೆ ನಾಮಪತ್ರ ಕೊಟ್ಟಿದ್ದರು. ಹೀಗೆ ಮಾಡುವುದು ಇಲ್ಲಿಯ ಸಹಕಾರಿ ಚುನಾವಣೆಗಳಲ್ಲಿ ಬಹಳ ಸಾಮಾನ್ಯ. ಪರಿಶೀಲನೆಯಲ್ಲಿ ಒಂದು ತಿರಸ್ಕೃತವಾದರೂ ಇನ್ನೊಂದು ಉಳಿಯಲಿ ಎಂಬ ಎಚ್ಚರಿಕೆ ಅದರ ಹಿಂದೆ ಇರುತ್ತದೆ. ಪರಿಶೀಲನೆಯಲ್ಲಿ ಅವರ ಎರಡೂ ಪತ್ರಗಳು ಕ್ರಮಬದ್ಧವೆಂದು ಸ್ವೀಕೃತವಾದವು. ಸಾಮಾನ್ಯ ವಿಭಾಗದ್ದಕ್ಕೆ 17, ಮಹಿಳಾ ವಿಭಾಗದ್ದಕ್ಕೆ 18 ಎಂಬ ಕ್ರಮಸಂಖ್ಯೆಗಳು ಬಿದ್ದಿದ್ದವು. ಒಂದರ ಪಕ್ಕ ಇನ್ನೊಂದು ಬಂದ ಈ ಎರಡು ಸಂಖ್ಯೆಗಳು ಮುಂದೆ ಮುಖ್ಯವಾಗುತ್ತವೆ.

ಕ್ರಮಬದ್ಧ ನಾಮಪತ್ರಗಳ ಪಟ್ಟಿ ಹೊರಬಿದ್ದಾಗ ಎಂಟು ಸಾಮಾನ್ಯ ಸ್ಥಾನಗಳಿಗೆ ಹನ್ನೊಂದು ಮಂದಿ, ಎರಡು ಮಹಿಳಾ ಸ್ಥಾನಗಳಿಗೆ ನಾಲ್ವರು ಇದ್ದರು. ಮೂರು ಮೀಸಲು ಸ್ಥಾನಗಳಿಗೆ ಒಬ್ಬೊಬ್ಬರೇ ಇದ್ದುದರಿಂದ ಅಲ್ಲಿ ಸ್ಪರ್ಧೆ ಇರಲಿಲ್ಲ. ಚುನಾವಣೆಯ ಖರ್ಚು ಸೊಸೈಟಿಯ ಮೇಲೆಯೇ ಬೀಳುವುದರಿಂದ ಹಿರಿಯ ಸದಸ್ಯರು ಸ್ಪರ್ಧೆಯಲ್ಲಿದ್ದ ಎರಡೂ ಪ್ಯಾನೆಲುಗಳವರನ್ನು ಕೂರಿಸಿ ಒಂದು ಹೊಂದಾಣಿಕೆಗೆ ಬಂದರು: ಸಾಮಾನ್ಯ ವಿಭಾಗದಿಂದ ಮೂವರು, ಮಹಿಳಾ ವಿಭಾಗದಿಂದ ಇಬ್ಬರು ಹಿಂದೆ ಸರಿದರೆ ಇಡೀ ಮಂಡಳಿ ಅವಿರೋಧವಾಗಿ ಆಯ್ಕೆಯಾಗುತ್ತದೆ. ನಮ್ಮ ಅಭ್ಯರ್ಥಿಯು ಸಾಮಾನ್ಯ ಸ್ಥಾನವನ್ನು ಬಿಟ್ಟು ಮಹಿಳಾ ಸ್ಥಾನದಲ್ಲಿ ಉಳಿಯಬೇಕೆಂಬುದು ಆ ಮಾತುಕತೆಯ ಒಂದು ಅಂಶ.

ಅವರು ತಂದ ಕರಡು ಹೀಗಿತ್ತು:

“ಮಾನ್ಯ ಅಧ್ಯಕ್ಷರು ಮತ್ತು ಕಾರ್ಯದರ್ಶಿಗಳಿಗೆ. ನಾನು ಈ ಸಲದ ಚುನಾವಣೆಗೆ ನಾಮಪತ್ರ ಸಲ್ಲಿಸಿದ್ದು ತಮಗೆ ತಿಳಿದೇ ಇದೆ. ಸಾಲ ವಸೂಲಾತಿಯ ಕುರಿತು ಕಳೆದ ಮಹಾಸಭೆಯಲ್ಲಿ ನಾನು ಕೇಳಿದ ಪ್ರಶ್ನೆಗಳಿಗೆ ಮಂಡಳಿಯವರು ಉತ್ತರ ಕೊಟ್ಟಿಲ್ಲವಾದರೂ, ಹಿರಿಯರ ಮಾತಿಗೆ ಮನ್ನಣೆ ಕೊಟ್ಟು, ಸಂಸ್ಥೆಯ ಒಗ್ಗಟ್ಟಿನ ದೃಷ್ಟಿಯಿಂದ ನನ್ನ ಉಮೇದುವಾರಿಕೆಗೆ ರಾಜೀನಾಮೆ ನೀಡಲು ನಿರ್ಧರಿಸಿರುತ್ತೇನೆ. ಮಹಿಳಾ ಸ್ಥಾನಕ್ಕೆ ನನ್ನನ್ನು ಅವಿರೋಧವಾಗಿ ಆರಿಸುವುದಾಗಿ ಎಲ್ಲರೂ ಒಪ್ಪಿರುವ ಕಾರಣ ನನ್ನ ನಾಮಪತ್ರವನ್ನು ಹಿಂಪಡೆಯಲಿದ್ದೇನೆ. ದಯವಿಟ್ಟು ಸ್ವೀಕರಿಸಬೇಕಾಗಿ ವಿನಂತಿ.”

ಸಭ್ಯವಾದ, ಪ್ರಾಮಾಣಿಕವಾದ ಪತ್ರ. ಬರೆದವರ ಮನಸ್ಸಿನಲ್ಲಿ ಏನಿದೆ ಎಂಬುದು ಓದಿದವರಿಗೆ ಅರ್ಥವೂ ಆಗುತ್ತದೆ. ಆದರೆ ಚುನಾವಣಾಧಿಕಾರಿಯ ಮೇಜಿನ ಮೇಲೆ ಬಿದ್ದಾಗ ಇದು ಮಾಡಬೇಕಾದ ಕೆಲಸವನ್ನು ಮಾಡುವುದಿಲ್ಲ. ಮಾಡಬಾರದ ಕೆಲಸವನ್ನು ಮಾಡಿಬಿಡುವ ಸಾಧ್ಯತೆಯೂ ಇದೆ.

ಮೊದಲನೆಯದಾಗಿ, ಪತ್ರ ಬರೆದಿರುವುದು ಅಧ್ಯಕ್ಷರಿಗೆ. ಚುನಾವಣೆಯ ಅಧಿಸೂಚನೆ ಹೊರಟ ಮೇಲೆ ನಾಮಪತ್ರಗಳಿಗೆ ಸಂಬಂಧಿಸಿದ ಯಾವ ಅಧಿಕಾರವೂ ಹಾಲಿ ಮಂಡಳಿಗೆ ಇರುವುದಿಲ್ಲ. ಈ ಸೊಸೈಟಿಯ ಚುನಾವಣೆಯನ್ನು ನಡೆಸುತ್ತಿದ್ದುದು ರಾಜ್ಯ ಸಹಕಾರಿ ಚುನಾವಣಾ ಪ್ರಾಧಿಕಾರದ ಅಡಿಯಲ್ಲಿ ನೇಮಕವಾದ ಚುನಾವಣಾಧಿಕಾರಿ. ಅಧ್ಯಕ್ಷರ ಕೈಗೆ ಕೊಟ್ಟ ಪತ್ರ, ಅವರು ಅದನ್ನು ಕೂಡಲೇ ದಾಟಿಸಿದರೂ, ಅಭ್ಯರ್ಥಿಯು ಅಧಿಕಾರಿಗೆ ಕೊಟ್ಟ ಸೂಚನೆಯಾಗುವುದಿಲ್ಲ. ಹಾಲಿ ಅಧ್ಯಕ್ಷರು ಸ್ವತಃ ಸಾಮಾನ್ಯ ವಿಭಾಗದ ಅಭ್ಯರ್ಥಿಯಾಗಿದ್ದ ಈ ಪ್ರಕರಣದಲ್ಲಿ ಅದು ಇನ್ನಷ್ಟು ಅನುಚಿತವೂ ಆಗುತ್ತಿತ್ತು.

ಎರಡನೆಯದು, ಇಡೀ ಪ್ರಕರಣದ ತಿರುಳು. “ನನ್ನ ನಾಮಪತ್ರವನ್ನು ಹಿಂಪಡೆಯಲಿದ್ದೇನೆ” ಎಂದರೆ ಯಾವ ನಾಮಪತ್ರ? ಅವರ ಹೆಸರಿನಲ್ಲಿ ಎರಡು ಕ್ರಮಬದ್ಧ ಪತ್ರಗಳಿವೆ. ಪತ್ರದಲ್ಲಿ ಸಾಮಾನ್ಯ ವಿಭಾಗ ಎಂಬ ಮಾತೇ ಇಲ್ಲ. ಹೆಸರಿಸಿರುವ ಒಂದೇ ವಿಭಾಗವೆಂದರೆ ಮಹಿಳಾ ಸ್ಥಾನ. ಅವಸರದಲ್ಲಿ ಓದುವ ಗುಮಾಸ್ತನು ಮಹಿಳಾ ವಿಭಾಗದ ಪತ್ರವನ್ನೇ ಹಿಂಪಡೆದಿದ್ದಾರೆಂದು ಗುರುತು ಹಾಕಿದರೆ ಅವನನ್ನು ಪೂರ್ತಿ ತಪ್ಪೆನ್ನಲಾಗದು. “ಉಮೇದುವಾರಿಕೆಗೆ” ಎಂಬ ಮಾತನ್ನು ಹಿಡಿದರೆ ಎರಡರಿಂದಲೂ ಹೊರಬಂದಿದ್ದಾರೆಂದು ತೀರ್ಮಾನಿಸುವುದಕ್ಕೂ ಎಡೆಯಿದೆ. ಒಂದು ಸಾಲಿಗೆ ಮೂರು ಅರ್ಥಗಳು ಹೊರಡುತ್ತವೆ, ಅವುಗಳಲ್ಲಿ ಎರಡು ಅಭ್ಯರ್ಥಿಯು ಬಯಸಿದ್ದಕ್ಕೆ ವಿರುದ್ಧವಾದವು.

ಚುನಾವಣಾಧಿಕಾರಿಯು ಕರೆದು ಕೇಳಬಹುದಲ್ಲ ಎಂದು ಅವರ ಜೊತೆಗೆ ಬಂದಿದ್ದ ಅನುಮೋದಕರು ಹೇಳಿದರು. ಕೇಳಲೂಬಹುದು, ಒಳ್ಳೆಯ ಅಧಿಕಾರಿಗಳು ಕೇಳುತ್ತಾರೆ. ಆದರೆ ಹಿಂಪಡೆಯುವ ಸೂಚನೆಯ ವಿಷಯದಲ್ಲಿ ಅಧಿಕಾರಿಯು ನೋಡಬೇಕಾದದ್ದು ಮೂರೇ ಸಂಗತಿ: ಸಹಿ ಅಭ್ಯರ್ಥಿಯದೇ, ತಂದುಕೊಟ್ಟವರು ತರಲು ಅರ್ಹರೇ, ಸಮಯದೊಳಗೆ ಬಂದಿದೆಯೇ. ಅಭ್ಯರ್ಥಿಯ ಮನಸ್ಸಿನಲ್ಲಿ ಇದ್ದದ್ದೇನು ಎಂದು ವಿಚಾರಣೆ ನಡೆಸುವುದು ಅವರ ಕೆಲಸವಲ್ಲ. ಇನ್ನೊಂದು ಸಂಗತಿ ಇದಕ್ಕಿಂತಲೂ ಗಂಭೀರವಾದದ್ದು: ಒಮ್ಮೆ ಕೊಟ್ಟ ಸೂಚನೆಯನ್ನು ರದ್ದುಪಡಿಸಿಕೊಳ್ಳಲು ಬರುವುದಿಲ್ಲ. ತಪ್ಪಾಗಿ ಬರೆದೆ, ಬೇರೆ ಪತ್ರ ಕೊಡುತ್ತೇನೆ ಎಂದು ಮರುದಿನ ಹೋದರೆ ಅದನ್ನು ಸ್ವೀಕರಿಸಲು ಅಧಿಕಾರಿಗೆ ಅವಕಾಶವಿಲ್ಲ. ಆಮೇಲೆ ಉಳಿಯುವುದು 91ನೇ ಕಲಮಿನ ಅಡಿಯಲ್ಲಿ ಸಹಕಾರಿ ನ್ಯಾಯಾಲಯಕ್ಕೆ ಹೋಗುವ ದಾರಿ. ಅಲ್ಲಿಯೂ ನ್ಯಾಯಾಲಯದ ಮುಂದೆ ಇರುವ ಮುಖ್ಯ ದಾಖಲೆ ಅದೇ ಅಸ್ಪಷ್ಟ ಪತ್ರ.

ಮೂರನೆಯದು ಷರತ್ತು. “ಎಲ್ಲರೂ ಒಪ್ಪಿರುವ ಕಾರಣ” ಎಂಬ ಮಾತು ಕಾರಣದಂತೆ ಕಾಣುತ್ತದೆ, ನಿಜವಾಗಿ ಅದು ಷರತ್ತು. ಉಳಿದ ಇಬ್ಬರು ಮಹಿಳೆಯರು ಹಿಂದೆ ಸರಿಯದಿದ್ದರೆ ಈ ಪತ್ರದ ಗತಿ ಏನು? ಷರತ್ತು ನಡೆಯಲಿಲ್ಲ, ಆದ್ದರಿಂದ ನನ್ನ ಹಿಂಪಡೆತವೂ ಇಲ್ಲ ಎಂದು ಅಭ್ಯರ್ಥಿಯು ವಾದಿಸಬಹುದು. ಸಹಿ ಮಾಡಿದ ಸೂಚನೆ ಬಂದಿದೆ, ಅದು ಹಿಂದಿರುಗದು ಎಂದು ಅಧಿಕಾರಿ ಹೇಳಬಹುದು. ಷರತ್ತುಳ್ಳ ಪತ್ರವನ್ನು ಸ್ವೀಕರಿಸುವುದೇ ಇಲ್ಲವೆಂದು ಹಿಂದಿರುಗಿಸುವ ಅಧಿಕಾರಿಗಳೂ ಇದ್ದಾರೆ. ಹಾಗೆ ಹಿಂದಿರುಗಿಸಿದಾಗ ಗಡಿಯಾರದಲ್ಲಿ ಕೊನೆಯ ಅರ್ಧ ಗಂಟೆ ಮಾತ್ರ ಉಳಿದಿದ್ದರೆ ಎಲ್ಲವೂ ಕೆಟ್ಟಂತೆ. ಅದಲ್ಲದೆ ಒಂದು ಸ್ಥಾನಕ್ಕೆ ಬದಲಾಗಿ ಇನ್ನೊಂದು ಸ್ಥಾನ ಎಂಬ ಕೊಡುಕೊಳ್ಳುವಿಕೆಯನ್ನು ಸರಕಾರಿ ಕಡತಕ್ಕೆ ಬರವಣಿಗೆಯಲ್ಲಿ ಸೇರಿಸುವುದರಿಂದ ನಾಳೆ ಫಲಿತಾಂಶವನ್ನು ಪ್ರಶ್ನಿಸಬೇಕೆಂದಿರುವವರಿಗೆ ನಾವೇ ಸಾಮಗ್ರಿ ಒದಗಿಸಿದಂತಾಗುತ್ತದೆ.

ಇಲ್ಲಿ ನಾನು ಕರಡನ್ನು ಪಕ್ಕಕ್ಕಿಟ್ಟು ಒಂದು ಪ್ರಶ್ನೆ ಕೇಳಿದೆ: “ಅಕ್ಕ, ಆ ಇಬ್ಬರು ಮಾತಿಗೆ ತಪ್ಪಿದರೂ ನೀವು ಸಾಮಾನ್ಯ ಸ್ಥಾನವನ್ನು ಬಿಡುತ್ತೀರಾ?” ಹಿಂಪಡೆಯುವ ಪತ್ರ ಬರೆಯುವ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಇದೊಂದೇ ಎಂದು ನನ್ನ ಅಭಿಪ್ರಾಯ. ಬಿಡುವುದಿಲ್ಲ ಎಂಬುದು ಉತ್ತರವಾದರೆ ಯಾವ ಜಾಣ ವಾಕ್ಯವೂ ಅವರನ್ನು ಕಾಯುವುದಿಲ್ಲ. ಉಳಿದವರು ತಮ್ಮ ಸೂಚನೆಗಳನ್ನು ಕೊಟ್ಟು ಸ್ವೀಕೃತಿ ಪಡೆದ ಮೇಲೆ, ಅವಧಿ ಮುಗಿಯುವುದರೊಳಗೆ, ತಮ್ಮದನ್ನು ಕೊಡುವುದೊಂದೇ ದಾರಿ. ಅಂದರೆ ಷರತ್ತು ಕಾಗದದಲ್ಲಿ ಇರಬಾರದು, ಕಾಗದ ಕೊಡುವ ಸರದಿಯಲ್ಲಿ ಇರಬೇಕು.

ಅವರು ಸ್ವಲ್ಪ ಯೋಚಿಸಿ, “ಬಿಡುತ್ತೇನೆ. ಆ ಸ್ಥಾನಕ್ಕೆ ನಿಂತಿರುವ ಹುಡುಗರಲ್ಲಿ ಇಬ್ಬರು ಲೆಕ್ಕ ಬಲ್ಲವರು, ಅವರು ಬರಲಿ. ಎರಡೂ ಕಡೆ ನನ್ನ ಹೆಸರಿದ್ದರೆ ಮತದಾರರಿಗೂ ಗೊಂದಲ,” ಎಂದರು. ಹಾಗಾದರೆ ಷರತ್ತೇ ಇಲ್ಲ. ಕರಡಿನ ಆ ಸಾಲು ತಾನಾಗಿ ಬಿದ್ದುಹೋಯಿತು.

“ರಾಜೀನಾಮೆ” ಎಂಬ ಪದದ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ರಾಜೀನಾಮೆ ಹುದ್ದೆಗೆ ಅಥವಾ ಸದಸ್ಯತ್ವಕ್ಕೆ ಕೊಡುವಂಥದ್ದು. ಸೊಸೈಟಿಯ ಕಚೇರಿಗೆ ಹೋದ ಪತ್ರದಲ್ಲಿ ಆ ಪದವಿದ್ದರೆ ಸದಸ್ಯತ್ವಕ್ಕೇ ರಾಜೀನಾಮೆ ಕೊಟ್ಟಿದ್ದಾರೆಂಬ ಚರ್ಚೆ ಹುಟ್ಟಿಸುವವರು ಪ್ರತಿ ಚುನಾವಣೆಯಲ್ಲೂ ಸಿಗುತ್ತಾರೆ. “ನಿರ್ಧರಿಸಿರುತ್ತೇನೆ”, “ಹಿಂಪಡೆಯಲಿದ್ದೇನೆ” ಎಂಬ ಕ್ರಿಯಾಪದಗಳಲ್ಲೂ ಇದೇ ತೊಡಕಿದೆ. ಅವು ಮುಂದೆ ಮಾಡಲಿರುವ ಕೆಲಸವನ್ನು ತಿಳಿಸುತ್ತವೆ, ಕೆಲಸವನ್ನು ಮಾಡಿ ಮುಗಿಸುವುದಿಲ್ಲ. ಸೂಚನೆಯು “ಈ ಮೂಲಕ ಹಿಂಪಡೆಯುತ್ತೇನೆ” ಎಂದೇ ಇರಬೇಕು.

ಇನ್ನು ಸಾಲ ವಸೂಲಾತಿಯ ಪ್ರಶ್ನೆ. ಅದನ್ನು ತೆಗೆಯುವುದಕ್ಕೆ ಅವರು ಸುಲಭವಾಗಿ ಒಪ್ಪಲಿಲ್ಲ, ಒಪ್ಪದಿದ್ದುದು ಸರಿಯಾಗಿಯೂ ಇತ್ತು. ಅವರು ಚುನಾವಣೆಗೆ ನಿಂತದ್ದೇ ಆ ಪ್ರಶ್ನೆಗಾಗಿ. ಅದನ್ನು ಹೇಳದೆ ಹಿಂದೆ ಸರಿದರೆ ಮಂಡಳಿಯವರೊಡನೆ ರಾಜಿಯಾದರೆಂದು ಜನ ತಿಳಿಯುತ್ತಾರೆ ಎಂಬ ಆತಂಕ ಅವರದು. ಆದರೆ ಚುನಾವಣಾಧಿಕಾರಿಯ ಕಡತದಲ್ಲಿ ಆ ಪ್ರಶ್ನೆಯನ್ನು ಓದುವವರು ಯಾರೂ ಇಲ್ಲ, ಓದಬೇಕಾದವರು ಸದಸ್ಯರು. ಆದ್ದರಿಂದ ಎರಡು ಕಾಗದಗಳಾಗಲಿ ಎಂದು ತೀರ್ಮಾನಿಸಿದೆವು: ಅಧಿಕಾರಿಗೆ ಕಾರಣವಿಲ್ಲದ ಸೂಚನೆ, ಸದಸ್ಯರಿಗೆ ಕಾರಣವುಳ್ಳ ಪತ್ರ. ಹಿಂಪಡೆಯಲು ಕಾರಣ ಕೊಡಬೇಕೆಂದು ಯಾರೂ ಕೇಳುವುದಿಲ್ಲ. ಕೇಳದ ಕಡೆ ಕೊಟ್ಟ ಕಾರಣ ವಾದಕ್ಕೆ ಮಾತ್ರ ದಾರಿಮಾಡಿಕೊಡುತ್ತದೆ.

ಈ ನಡುವೆ ಇನ್ನೊಂದು ಕಾಗದ ಕಾಣಿಸಿಕೊಂಡಿತು. ಅವರ ಪ್ಯಾನೆಲಿನ ಮುಖ್ಯಸ್ಥರು ನಾಮಪತ್ರ ಸಲ್ಲಿಸುವ ದಿನವೇ ಪ್ರತಿಯೊಬ್ಬ ಅಭ್ಯರ್ಥಿಯಿಂದಲೂ ಖಾಲಿ ಹಿಂಪಡೆತದ ನಮೂನೆಗೆ ಸಹಿ ಹಾಕಿಸಿಕೊಂಡಿದ್ದರು. ಕೊನೆಯ ದಿನ ಯಾರನ್ನು ಉಳಿಸಬೇಕು, ಯಾರನ್ನು ಬಿಡಬೇಕು ಎಂಬುದನ್ನು ಮುಖ್ಯಸ್ಥರೇ ನಿರ್ಧರಿಸಿ ನಮೂನೆ ತುಂಬಿ ಕೊಡುವ ಈ ರೂಢಿ ದೊಡ್ಡ ಸಂಸ್ಥೆಗಳ ಚುನಾವಣೆಗಳಿಂದ ಸಣ್ಣ ಸೊಸೈಟಿಗಳಿಗೂ ಹಬ್ಬಿದೆ. ನಂಬಿಕೆಯ ಮೇಲೆ ನಡೆಯುವ ಏರ್ಪಾಡು ಎನ್ನುತ್ತಾರೆ. ನಾನು ಇದನ್ನು ಖಂಡಿತವಾಗಿ ವಿರೋಧಿಸುತ್ತೇನೆ. ವಿಭಾಗ ಮತ್ತು ಕ್ರಮಸಂಖ್ಯೆಯ ಜಾಗ ಖಾಲಿ ಇರುವ, ಸಹಿ ಮಾತ್ರ ಬಿದ್ದಿರುವ ಕಾಗದದಲ್ಲಿ 17 ಎಂದು ಬರೆಯುವುದೂ 18 ಎಂದು ಬರೆಯುವುದೂ ಕಾಗದ ಹಿಡಿದವರ ಇಚ್ಛೆ, ಮತ್ತು ಬರೆದು ಕೊಟ್ಟ ಮೇಲೆ ಅದು ಅಭ್ಯರ್ಥಿಯದೇ ಮಾತು. ನಮ್ಮ ಅಭ್ಯರ್ಥಿಯು ಮುಖ್ಯಸ್ಥರನ್ನು ಭೇಟಿಯಾಗಿ ತಮ್ಮ ಸಹಿಯ ಖಾಲಿ ನಮೂನೆಯನ್ನು ಹಿಂದಕ್ಕೆ ಪಡೆದು ಅಲ್ಲಿಯೇ ಹರಿದುಹಾಕಿದರು. ಸ್ವತಃ ಹೋಗಿ ಕೊಡುತ್ತೇನೆಂದು ಅವರು ಹೇಳಿದ ಮೇಲೆ ಮುಖ್ಯಸ್ಥರೂ ತಕರಾರು ಮಾಡಲಿಲ್ಲ.

ಅಚ್ಚಿನ ನಮೂನೆ ಚುನಾವಣಾಧಿಕಾರಿಯ ಕಚೇರಿಯಲ್ಲಿ ಸಿಗುತ್ತದೆ, ಸಿಕ್ಕಾಗ ಅದನ್ನೇ ಬಳಸಬೇಕು; ಇಲ್ಲಿ ಅದು ಮರಾಠಿಯಲ್ಲಿ ಇರುತ್ತದೆ. ಆದರೆ ನಮೂನೆಯ ಖಾಲಿ ಜಾಗಗಳಲ್ಲಿ ಏನು ಬರೆಯಬೇಕು ಎಂಬುದನ್ನು ಅಭ್ಯರ್ಥಿಯು ಮೊದಲೇ ತನ್ನ ಭಾಷೆಯಲ್ಲಿ ತೀರ್ಮಾನಿಸಿಕೊಂಡಿರಬೇಕು. ನಾವು ಕನ್ನಡದಲ್ಲಿ ಸಿದ್ಧಪಡಿಸಿ, ನಂತರ ಮರಾಠಿ ಶಾಲೆಯಲ್ಲಿ ಓದಿದ ಅವರ ಮಗಳ ಕೈಯಿಂದ ಮರಾಠಿಗೆ ಇಳಿಸಿದ ಒಕ್ಕಣೆ ಇದು:

“ಚುನಾವಣಾಧಿಕಾರಿಗಳಿಗೆ. ವಿಷಯ: ಸಾಮಾನ್ಯ ವಿಭಾಗದ ನಾಮಪತ್ರ ಕ್ರಮಸಂಖ್ಯೆ 17 ಅನ್ನು ಹಿಂಪಡೆಯುವ ಸೂಚನೆ. ಮತದಾರರ ಪಟ್ಟಿಯಲ್ಲಿ ಕ್ರಮಾಂಕ 642ರಲ್ಲಿ ಹೆಸರಿರುವ ನಾನು, ಈ ಸಂಸ್ಥೆಯ ಆಡಳಿತ ಮಂಡಳಿಯ ಚುನಾವಣೆಗೆ ಸಾಮಾನ್ಯ ವಿಭಾಗದಿಂದ ಸಲ್ಲಿಸಿ ಕ್ರಮಬದ್ಧವೆಂದು ಸ್ವೀಕೃತವಾಗಿರುವ ನಾಮಪತ್ರ ಕ್ರಮಸಂಖ್ಯೆ 17 (ಹದಿನೇಳು) ಅನ್ನು ಈ ಮೂಲಕ ಹಿಂಪಡೆಯುತ್ತೇನೆ. ಮಹಿಳಾ ಮೀಸಲು ವಿಭಾಗದ ನನ್ನ ನಾಮಪತ್ರ ಕ್ರಮಸಂಖ್ಯೆ 18 (ಹದಿನೆಂಟು) ಅನ್ನು ನಾನು ಹಿಂಪಡೆದಿಲ್ಲ; ಆ ವಿಭಾಗದಲ್ಲಿ ನನ್ನ ಉಮೇದುವಾರಿಕೆ ಮುಂದುವರಿಯುತ್ತದೆ. ಸ್ಥಳ, ದಿನಾಂಕ, ವೇಳೆ, ಸಹಿ, ಪೂರ್ಣ ಹೆಸರು.”

ಎರಡನೆಯ ವಾಕ್ಯ ಅಗತ್ಯವೇ ಎಂದು ಅನುಮೋದಕರು ಕೇಳಿದರು. 17 ಅನ್ನು ಹಿಂಪಡೆದಿದ್ದಾರೆಂದ ಮೇಲೆ 18 ಉಳಿದಿದೆಯೆಂದು ತಾನಾಗಿಯೇ ಅರ್ಥವಾಗುವುದಿಲ್ಲವೇ? ತರ್ಕದ ಮಟ್ಟಿಗೆ ಆಗುತ್ತದೆ. ಆದರೆ ಹಿಂಪಡೆದವರ ಪಟ್ಟಿಯನ್ನು ಸಿದ್ಧಮಾಡುವಾಗ ಕಚೇರಿಯಲ್ಲಿ ಹೆಸರು ನೋಡಿ ಗೆರೆ ಎಳೆಯುತ್ತಾರೆ, ಸಂಖ್ಯೆ ನೋಡಿ ಅಲ್ಲ. ಒಂದೇ ಹೆಸರು ಎರಡು ಕಡೆ ಇದ್ದಾಗ ಎರಡೂ ಕಡೆ ಗೆರೆ ಬೀಳುವ ಸಂಭವ ಹೆಚ್ಚು. ಉಳಿಸಿಕೊಂಡ ಪತ್ರವನ್ನು ಹೆಸರಿಸುವ ವಾಕ್ಯ ಆ ಸಂಭವದ ವಿರುದ್ಧ ಬರೆದದ್ದು. ಸಂಖ್ಯೆಯನ್ನು ಅಂಕಿಯಲ್ಲೂ ಅಕ್ಷರದಲ್ಲೂ ಬರೆದದ್ದು ಇದೇ ಕಾರಣಕ್ಕೆ: 17ರ ಏಳನ್ನು ಕೈಬರಹದಲ್ಲಿ ತಿದ್ದುವುದು ಕಷ್ಟವೇನಲ್ಲ. ಅಚ್ಚಿನ ನಮೂನೆಯಲ್ಲಿ ಈ ವಾಕ್ಯಕ್ಕೆ ಜಾಗವಿರಲಿಲ್ಲ, ಸಹಿಯ ಮೇಲಿನ ಖಾಲಿ ಜಾಗದಲ್ಲಿ ಬರೆದು, ಅದರ ಕೆಳಗೆ ಸಹಿ ಬರುವಂತೆ ನೋಡಿಕೊಂಡೆವು. ಸಹಿಯ ಕೆಳಗೆ ಸೇರಿಸಿದ ಮಾತನ್ನು ಆಮೇಲೆ ಸೇರಿಸಿದ್ದೆಂದು ಯಾರಾದರೂ ಹೇಳಬಹುದು. ಸಹಿಯೂ ನಾಮಪತ್ರದ ಮೇಲಿನ ಸಹಿಯಂತೆಯೇ ಇರಬೇಕು. ಅವರು ನಾಮಪತ್ರದಲ್ಲಿ ಮರಾಠಿಯಲ್ಲಿ ಸಹಿ ಮಾಡಿದ್ದರು, ಇಲ್ಲಿ ಅಭ್ಯಾಸದಂತೆ ಕನ್ನಡದಲ್ಲಿ ಮಾಡಹೊರಟಾಗ ಮಗಳು ನೆನಪಿಸಿದಳು.

“ಇಂಥವರಿಗೆ ಬೆಂಬಲ ಸೂಚಿಸಿ” ಎಂಬ ಮಾತನ್ನು ಸೇರಿಸಬೇಕೆಂದು ಪ್ಯಾನೆಲಿನವರು ಬಯಸಿದ್ದರು. ಅದನ್ನು ಬಿಟ್ಟೆವು. ಹಿಂಪಡೆದ ಉಮೇದುವಾರಿಕೆ ಬೇರೆಯವರಿಗೆ ವರ್ಗವಾಗುವಂಥದ್ದಲ್ಲ, ಅದು ಇಲ್ಲವಾಗುತ್ತದೆ ಅಷ್ಟೆ.

ಕಾರ್ಯಕ್ರಮ ಪಟ್ಟಿಯಂತೆ ಹಿಂಪಡೆಯುವ ಕೊನೆಯ ದಿನ ಬೆಳಿಗ್ಗೆ 11ರಿಂದ ಮಧ್ಯಾಹ್ನ 3ರವರೆಗೆ ಸಮಯವಿತ್ತು. ಅಭ್ಯರ್ಥಿಯು ಬರಲಾಗದಿದ್ದರೆ ಲಿಖಿತ ಅಧಿಕಾರಪತ್ರದೊಡನೆ ತಮ್ಮ ಸೂಚಕರನ್ನೋ ಅನುಮೋದಕರನ್ನೋ ಕಳುಹಿಸುವ ದಾರಿ ಇದ್ದರೂ, ಎರಡು ಪತ್ರಗಳಲ್ಲಿ ಒಂದನ್ನು ಮಾತ್ರ ಹಿಂಪಡೆಯುವವರು ಸ್ವತಃ ಹೋಗುವುದೇ ಒಳ್ಳೆಯದು. ಸಾಮಾನ್ಯ ವಿಭಾಗದ ಇನ್ನಿಬ್ಬರು ಹಾಗೂ ಮಹಿಳಾ ವಿಭಾಗದ ಒಬ್ಬರು ಇವರೊಡನೆ ಒಟ್ಟಿಗೇ ಹೋದರು. ಪ್ರತಿಯೊಬ್ಬರೂ ತಮ್ಮ ಸೂಚನೆಯ ಎರಡು ಪ್ರತಿ ಒಯ್ದು, ಒಂದರ ಮೇಲೆ ದಿನಾಂಕ, ವೇಳೆ ಮತ್ತು ಮೊಹರು ಹಾಕಿಸಿಕೊಂಡರು. ಬರಬೇಕಾಗಿದ್ದ ಐದನೆಯವರು, ಮಹಿಳಾ ವಿಭಾಗದ ಇನ್ನೊಬ್ಬ ಅಭ್ಯರ್ಥಿ, ಬರಲಿಲ್ಲ. ಫೋನಿಗೂ ಸಿಗಲಿಲ್ಲ.

ಮೂರು ಗಂಟೆಯ ನಂತರ ಹಿಂಪಡೆದವರ ಪಟ್ಟಿಯೂ ಅಂತಿಮವಾಗಿ ಉಳಿದ ಅಭ್ಯರ್ಥಿಗಳ ಪಟ್ಟಿಯ ಕರಡೂ ಸೂಚನಾ ಫಲಕದ ಮೇಲೆ ಬಂದವು. ಸಾಮಾನ್ಯ ವಿಭಾಗದಲ್ಲಿ ಎಂಟು ಹೆಸರುಗಳಿದ್ದವು. ಮಹಿಳಾ ವಿಭಾಗದಲ್ಲಿ ಮೂರು ಇರಬೇಕಾಗಿತ್ತು, ಎರಡೇ ಇದ್ದವು. ನಮ್ಮ ಅಭ್ಯರ್ಥಿಯ ಹೆಸರು ಅಲ್ಲಿಂದಲೂ ಹೋಗಿತ್ತು. ಪಟ್ಟಿಯನ್ನು ನೋಡದೆ ಮನೆಗೆ ಹೋಗಿದ್ದರೆ ಎರಡು ಸ್ಥಾನಗಳಿಗೆ ಇಬ್ಬರು ಎಂದು ಆ ವಿಭಾಗವೂ ಅವಿರೋಧವೆಂದು ಘೋಷಣೆಯಾಗಿಬಿಡುತ್ತಿತ್ತು. ಅವರು ಮೊಹರಿನ ಪ್ರತಿಯನ್ನು ಹಿಡಿದು ಒಳಗೆ ಹೋಗಿ, ಏನನ್ನೂ ವಾದಿಸದೆ, ಎರಡನೆಯ ವಾಕ್ಯದ ಮೇಲೆ ಬೆರಳಿಟ್ಟು ತೋರಿಸಿದರು. ಚುನಾವಣಾಧಿಕಾರಿಯು ತಮ್ಮ ಕಡತದ ಮೂಲ ಪ್ರತಿಯೊಡನೆ ಹೋಲಿಸಿ, ಚಿಹ್ನೆ ಹಂಚಿಕೆಗೆ ಮುಂಚೆಯೇ ಪಟ್ಟಿಯನ್ನು ಸರಿಪಡಿಸಿದರು. ಇದರಲ್ಲಿ ದುರುದ್ದೇಶವಿತ್ತೆಂದು ನನಗೆ ಅನ್ನಿಸುವುದಿಲ್ಲ. ಹೆಸರು ನೋಡಿ ಗೆರೆ ಎಳೆದದ್ದು ಅಷ್ಟೆ. ಆದರೆ ಅವರು ತಂದ ಮೊದಲ ಕರಡೇ ಆ ಕಡತದಲ್ಲಿ ಇದ್ದಿದ್ದರೆ ಬೆರಳಿಟ್ಟು ತೋರಿಸಲು ಯಾವ ವಾಕ್ಯವೂ ಇರುತ್ತಿರಲಿಲ್ಲ.

ಸದಸ್ಯರಿಗೆ ಬರೆದ ಪತ್ರ ಅದೇ ಸಂಜೆ ಹೊರಟಿತು. ಸೂಚನೆ ಸ್ವೀಕೃತವಾಗುವ ಮೊದಲು ಅದನ್ನು ಹಂಚಬಾರದೆಂದು ನಾನು ಒತ್ತಾಯಿಸಿದ್ದೆ, ಏಕೆಂದರೆ ಕೊನೆಯ ಗಳಿಗೆಯಲ್ಲಿ ಏನಾದರೂ ಬದಲಾದರೆ ಹಂಚಿದ ಪತ್ರ ಸುಳ್ಳಾಗುತ್ತದೆ. ಅದರ ಮುಖ್ಯ ಭಾಗ ಹೀಗಿತ್ತು:

“ಆತ್ಮೀಯ ಸದಸ್ಯ ಬಂಧುಗಳೇ, ಸಾಮಾನ್ಯ ವಿಭಾಗದ ನನ್ನ ನಾಮಪತ್ರವನ್ನು ಇಂದು ಹಿಂಪಡೆದಿದ್ದೇನೆ. ಮಹಿಳಾ ವಿಭಾಗದಲ್ಲಿ ಸ್ಪರ್ಧಿಸುತ್ತಿದ್ದೇನೆ. ಸಾಮಾನ್ಯ ಸ್ಥಾನಗಳಿಗೆ ಮತದಾನದ ಖರ್ಚು ತಪ್ಪಲಿ, ಲೆಕ್ಕಪತ್ರ ಬಲ್ಲ ಹೊಸಬರು ಮಂಡಳಿಗೆ ಬರಲಿ ಎಂಬ ಕಾರಣದಿಂದ ಈ ನಿರ್ಧಾರ ಕೈಗೊಂಡೆ. ಬಾಕಿ ಉಳಿದ ಸಾಲಗಳ ವಸೂಲಾತಿಯ ವಿವರವನ್ನು ಸದಸ್ಯರ ಮುಂದಿಡಬೇಕೆಂದು ಕಳೆದ ಮಹಾಸಭೆಯಲ್ಲಿ ಕೇಳಿದ್ದೆ. ಆ ಬೇಡಿಕೆ ಈಗಲೂ ಹಾಗೆಯೇ ಇದೆ. ಆಯ್ಕೆಯಾದರೂ ಆಗದಿದ್ದರೂ ಮುಂದಿನ ಮಹಾಸಭೆಯಲ್ಲಿ ಅದನ್ನು ಮತ್ತೆ ಕೇಳುತ್ತೇನೆ.”

ಇಲ್ಲಿ ಗಮನಿಸಬೇಕಾದದ್ದು, ಮೊದಲ ಕರಡಿನಲ್ಲಿದ್ದ “ಉತ್ತರ ಕೊಟ್ಟಿಲ್ಲ” ಎಂಬ ಆರೋಪ “ಕೇಳಿದ್ದೆ, ಮತ್ತೆ ಕೇಳುತ್ತೇನೆ” ಎಂದು ಬದಲಾದದ್ದು. ಮಹಾಸಭೆಯಲ್ಲಿ ಕೇಳಿದ್ದು ನಡಾವಳಿಯಲ್ಲಿ ದಾಖಲಾದ ಸಂಗತಿ, ಅದನ್ನು ಯಾರೂ ಅಲ್ಲಗಳೆಯಲಾರರು. ಉತ್ತರ ಸರಿಯಾಗಿತ್ತೇ ಇಲ್ಲವೇ ಎಂಬುದು ಜಗಳಕ್ಕೆ ಎಡೆಕೊಡುವ ಅಭಿಪ್ರಾಯ. ಪ್ರಶ್ನೆಯನ್ನು ಉಳಿಸಿಕೊಂಡು ಆರೋಪವನ್ನು ಬಿಟ್ಟದ್ದರಿಂದ ಪತ್ರದ ಬಲ ಹೆಚ್ಚಿತೆಂದೇ ನಾನು ನಂಬಿದ್ದೇನೆ. ಹಿರಿಯರ ಮಾತಿನ ಪ್ರಸ್ತಾಪವನ್ನೂ ಅವರೇ ತೆಗೆದರು. ನಿರ್ಧಾರ ತಮ್ಮದೆಂದು ಹೇಳಬೇಕೆಂಬುದು ಅವರ ಇಚ್ಛೆಯಾಗಿತ್ತು.

ಬಾರದೆ ಉಳಿದ ಐದನೆಯವರು ಮರುದಿನ ಬೆಳಿಗ್ಗೆ ಹಿಂಪಡೆಯುವ ಪತ್ರವನ್ನು ಹಿಡಿದು ಚುನಾವಣಾಧಿಕಾರಿಯ ಕಚೇರಿಗೆ ಹೋದರು. ಊರಿನಲ್ಲಿ ತಾಯಿಗೆ ಹುಷಾರಿಲ್ಲದೆ ಹಿಂದಿನ ದಿನವಿಡೀ ರೈಲಿನಲ್ಲಿದ್ದರಂತೆ. ಅವಧಿ ಮುಗಿದ ಕಾರಣ ಅಧಿಕಾರಿ ಪತ್ರವನ್ನು ಸ್ವೀಕರಿಸಲಿಲ್ಲ, ಸ್ವೀಕರಿಸುವಂತೆಯೂ ಇರಲಿಲ್ಲ. ಊರಿಗೆ ಹೊರಡುವ ಮೊದಲೇ ಅನುಮೋದಕರಿಗೆ ಅಧಿಕಾರಪತ್ರ ಬರೆದುಕೊಟ್ಟಿದ್ದರೆ ಸಾಕಾಗುತ್ತಿತ್ತು. ಎರಡು ಮಹಿಳಾ ಸ್ಥಾನಗಳಿಗೆ ಮೂವರು ಉಳಿದದ್ದರಿಂದ ಆ ವಿಭಾಗಕ್ಕೆ ಮಾತ್ರ ಮತದಾನ ಅನಿವಾರ್ಯವಾಯಿತು.

ಅವರು ಸದಸ್ಯರ ವಾಟ್ಸ್ಆ್ಯಪ್ ಗುಂಪಿಗೆ “ನಾನು ಚುನಾವಣೆಯಿಂದ ಹಿಂದೆ ಸರಿದಿದ್ದೇನೆ, ನನ್ನ ಉಮೇದುವಾರಿಕೆ ರದ್ದಾಗಿದೆ” ಎಂದು ಬರೆಯಹೊರಟಿದ್ದರು. ಅದು ನಿಜವಲ್ಲ. ಅವರ ಹೆಸರು ಮತಪತ್ರದಲ್ಲಿ ಅಚ್ಚಾಗುತ್ತದೆ, ಚಿಹ್ನೆಯೂ ಸಿಗುತ್ತದೆ, ಬಿದ್ದ ಮತಗಳನ್ನು ಎಣಿಸಲಾಗುತ್ತದೆ, ಹೆಚ್ಚು ಮತ ಬಂದರೆ ಅವರೇ ಆಯ್ಕೆಯಾಗುತ್ತಾರೆ. ಆಗ ಬೇಡವೆನ್ನಬೇಕಾದರೆ ಮಂಡಳಿಯ ಸದಸ್ಯರಾಗಿ ರಾಜೀನಾಮೆ ಕೊಡಬೇಕು, ಖಾಲಿಯಾದ ಸ್ಥಾನವನ್ನು ತುಂಬುವ ಕೆಲಸ ಮತ್ತೆ ಉಳಿಯುತ್ತದೆ. ಇಲ್ಲದ ರದ್ದತಿಯನ್ನು ಇದೆಯೆಂದು ಹೇಳಿದರೆ ಮತದಾರರನ್ನು ತಪ್ಪುದಾರಿಗೆ ಎಳೆದರೆಂದು ಸೋತವರು ದೂರಬಹುದು. ನಮ್ಮ ಅಭ್ಯರ್ಥಿಯೇ ಅವರೊಡನೆ ಕುಳಿತು, ಪ್ರತಿಸ್ಪರ್ಧಿಯಾಗಿದ್ದರೂ, ಆ ಮಾತನ್ನು ತಿದ್ದಿಕೊಟ್ಟರು:

“ಹಿಂಪಡೆಯುವ ಅವಧಿಯೊಳಗೆ ಸೂಚನೆ ಕೊಡಲು ನನಗೆ ಸಾಧ್ಯವಾಗಲಿಲ್ಲ. ಆದ್ದರಿಂದ ಮತಪತ್ರದಲ್ಲಿ ನನ್ನ ಹೆಸರು ಇರುತ್ತದೆ. ನಾನು ಪ್ರಚಾರ ಮಾಡುತ್ತಿಲ್ಲ, ಮತ ಕೇಳುತ್ತಿಲ್ಲ. ಯಾರಿಗೆ ಮತ ಕೊಡಬೇಕೆಂಬುದು ತಮ್ಮ ನಿರ್ಧಾರ.”

ಗುಂಪಿನಲ್ಲಿ ಇಷ್ಟೇ ಹಾಕಿದರು. ಕಚೇರಿಯ ಸೂಚನಾ ಫಲಕದಲ್ಲೂ ಹಚ್ಚಬೇಕೆಂದು ಕೆಲವರು ಕೇಳಿದಾಗ, ಆ ಫಲಕದಲ್ಲಿ ಬರಬೇಕಾದವು ಚುನಾವಣಾಧಿಕಾರಿಯ ಪ್ರಕಟಣೆಗಳು ಮಾತ್ರ ಎಂದು ಅವರೇ ನಿರಾಕರಿಸಿದರು. ಮತ ಎಣಿಕೆಯಲ್ಲಿ ಅವರಿಗೂ ಒಂದಷ್ಟು ಮತಗಳು ಬಂದಿದ್ದವು, ಮತ್ತು ಅವೆಲ್ಲವನ್ನೂ ಫಲಿತಾಂಶದ ಹಾಳೆಯಲ್ಲಿ ಅವರ ಹೆಸರಿನ ಮುಂದೆ ಕ್ರಮದಂತೆ ದಾಖಲಿಸಲಾಯಿತು.